ಧಾರೆಯ ಹೊತ್ತಿಗೆ ದೂರದಲ್ಲಿರುವ ಅಣ್ಣ

ಮದುವೆಯ ದಿನ ಮದುಮಗಳ ಫೋನು ಅವಳ ಕೈಯಲ್ಲಿರುವುದಿಲ್ಲ. ಬೆಳಗಿನ ಜಾವ ಎಣ್ಣೆ ನೀರಿಗೆ ಎಬ್ಬಿಸಿದ ಕ್ಷಣದಿಂದಲೇ ಅದು ಚಿಕ್ಕಮ್ಮನ ವ್ಯಾನಿಟಿ ಬ್ಯಾಗಿಗೋ ತಮ್ಮನ ಜೇಬಿಗೋ ಸೇರಿಬಿಡುತ್ತದೆ. ಆರತಕ್ಷತೆಯೂ ಮುಗಿದು, ಮುಡಿಯ ಹೂವು ಪಿನ್ನುಗಳನ್ನೆಲ್ಲ ಬಿಚ್ಚಿ, ಅವಳು ಫೋನು ತೆರೆಯುವ ಹೊತ್ತಿಗೆ ಅದರಲ್ಲಿ ನೂರಾರು ಸಂದೇಶಗಳು ಬಿದ್ದಿರುತ್ತವೆ. ಹೆಚ್ಚಿನವು 'ಹ್ಯಾಪಿ ಮ್ಯಾರೀಡ್ ಲೈಫ್', ಜೊತೆಗೆ ಎರಡು ಹೂಗುಚ್ಛ. ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ ಮುಹೂರ್ತದ ಹೊತ್ತಿಗೆ ಸರಿಯಾಗಿ ನಿದ್ದೆಗೆಟ್ಟು ಕುಳಿತು ಕಳಿಸಿದ ಹಾರೈಕೆಯೂ ಆ ರಾಶಿಯಲ್ಲೇ ಎಲ್ಲೋ ಹೂತುಹೋಗಿರುತ್ತದೆ. ಮದುವೆಯಾಗಿ ವಾರವಾದ ಮೇಲೆ ಅವನೇ ಫೋನು ಮಾಡಿ 'ನನ್ನ ಮೆಸೇಜ್ ನೋಡಿದೆಯಾ?' ಎಂದು ಕೇಳುತ್ತಾನೆ. 'ನೋಡಿದೆ ಅಣ್ಣ' ಎನ್ನುತ್ತಾಳೆ. ನೋಡಿರುವುದಿಲ್ಲ.

ಹೊರದೇಶದಲ್ಲಿರುವ ಒಬ್ಬರಾದರೂ ಇಲ್ಲದ ಕುಟುಂಬ ಈಗ ಅಪರೂಪ. ಮದುವೆಗೆ ಬರಲಾಗದವರು ಕಳಿಸುವ ಹಾರೈಕೆಗೆ ಒಂದು ಕಾಲದಲ್ಲಿ ಗಟ್ಟಿಯಾದ ರೂಪವಿತ್ತು. ಛತ್ರದ ವಿಳಾಸಕ್ಕೆ ಟೆಲಿಗ್ರಾಂ ಬರುತ್ತಿತ್ತು. ಶುಭಾಶಯದ ಸಿದ್ಧ ವಾಕ್ಯಗಳಿಗೆ ಅಂಚೆ ಮತ್ತು ತಂತಿ ಇಲಾಖೆ ಒಂದೊಂದು ಸಂಖ್ಯೆ ಕೊಟ್ಟಿತ್ತು. ಕಳಿಸುವವರು ಸಂಖ್ಯೆ ಬರೆದುಕೊಟ್ಟರೆ ಸಾಕು, ಈ ತುದಿಯಲ್ಲಿ ಪೂರ್ತಿ ವಾಕ್ಯ ಅಚ್ಚಾಗಿ ಕೈಗೆ ಬರುತ್ತಿತ್ತು. ಎಲ್ಲರಿಗೂ ಒಂದೇ ವಾಕ್ಯವಾದರೂ ಅದನ್ನು ಯಾರೂ ಕಡೆಗಣಿಸುತ್ತಿರಲಿಲ್ಲ. ಅಂಚೆಯವನು ಮಂಟಪದ ಬಾಗಿಲಿಗೆ ಬಂದು ಹೆಸರು ಕೂಗುತ್ತಿದ್ದ, ಯಾರೋ ಒಬ್ಬರು ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದರು. 2013ರ ಜುಲೈಯಲ್ಲಿ ಬಿಎಸ್ಸೆನ್ನೆಲ್ ಟೆಲಿಗ್ರಾಂ ಸೇವೆಯನ್ನೇ ನಿಲ್ಲಿಸಿತು. ಈಗ ಎಷ್ಟು ಬೇಕಾದರೂ ಬರೆಯಬಹುದು, ಕ್ಷಣದಲ್ಲಿ ತಲುಪಿಸಬಹುದು. ಆದರೆ ಬಿಡಿಸಿ ಓದುವ ಆ ಮನುಷ್ಯ ಇಲ್ಲ. ಇವತ್ತಿನ ಹಾರೈಕೆ ಸೋಲುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ: ಅದನ್ನು ಯಾರು, ಯಾವಾಗ, ಎಲ್ಲಿ ಓದುತ್ತಾರೆ ಎಂದು ಬರೆಯುವವರು ಯೋಚಿಸಿರುವುದಿಲ್ಲ.

ಒಂದು ಮದುವೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಶಿವಮೊಗ್ಗದ ಹುಡುಗಿ. ದೊಡ್ಡಪ್ಪನ ಮಗ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾನೆ. ಊರಿಗೆ ಬಂದರೆ ವೀಸಾ ಸ್ಟಾಂಪಿಂಗ್ ಮುಗಿಯದೆ ವಾಪಸ್ ಹೋಗುವಂತಿಲ್ಲ, ಅದಕ್ಕೆ ದಿನಾಂಕ ಸಿಕ್ಕಿಲ್ಲ. ಉತ್ಥಾನ ದ್ವಾದಶಿ ಕಳೆದು ಮದುವೆಗಳು ಶುರುವಾದ ಮೇಲೆ, ನವೆಂಬರ್ ಕೊನೆಯ ಒಂದು ಭಾನುವಾರಕ್ಕೆ ಲಗ್ನ ಕಟ್ಟಿಸಿದ್ದಾರೆ. ಮೂಲೆಗೆ ಅರಿಶಿನ ಹಚ್ಚಿದ ಕರೆಯೋಲೆ ಅಕ್ಟೋಬರಿನಲ್ಲೇ ವಾಟ್ಸಾಪಿನಲ್ಲಿ ಫೋಟೋ ಆಗಿ ಅವನನ್ನು ತಲುಪಿದೆ. ಬೆಳಿಗ್ಗೆ 9-05ರಿಂದ 9-55ರವರೆಗೆ ಸಲ್ಲುವ ಧನುರ್ಲಗ್ನದಲ್ಲಿ ಧಾರಾ ಮುಹೂರ್ತ.

ಮೊದಲ ಎಡವಟ್ಟು ಆಗುವುದು ಇಲ್ಲೇ. ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿ, ಶನಿವಾರ ರಾತ್ರಿ 11-35 ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದಾಚೆ ವ್ಯತ್ಯಾಸ ಹತ್ತೂವರೆ ಗಂಟೆ. ಮುಹೂರ್ತ ಶುರುವಾಗುವುದು ಅವನ ಶನಿವಾರ ರಾತ್ರಿ 10-35ಕ್ಕೆ, ಮುಗಿಯುವುದು 11-25ಕ್ಕೆ. ಗೋಡೆ ನೋಡಿಕೊಂಡು 11-35ಕ್ಕೆ ಲೈವ್ ಲಿಂಕ್ ತೆರೆದರೆ ತಾಳಿ ಕಟ್ಟಿ ಆಗಿರುತ್ತದೆ, ಮಂಟಪದಲ್ಲಿ ಹೋಮದ ಹೊಗೆ ಕಾಣುತ್ತಿರುತ್ತದೆ. ಲಂಡನ್ನಿನಲ್ಲಿರುವವರಿಗೂ ಇದೇ ಪಾಡು. ಅವರ ಗಡಿಯಾರ ಅಕ್ಟೋಬರಿನ ಕೊನೆಯ ಭಾನುವಾರ ಬದಲಾಗುತ್ತದೆ, ನಾಲ್ಕೂವರೆ ಗಂಟೆಯ ಅಂತರ ಐದೂವರೆ ಆಗುತ್ತದೆ. ದುಬೈ, ಸಿಂಗಪುರದವರಿಗೆ ಈ ತಾಪತ್ರಯವಿಲ್ಲ, ಅಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯಿಲ್ಲ. ಬೆರಳು ಮಡಚುವ ಬದಲು ಫೋನಿನ ಕ್ಯಾಲೆಂಡರಿನಲ್ಲಿ ಭಾರತದ ಸಮಯವನ್ನೇ ಆರಿಸಿ ಬೆಳಿಗ್ಗೆ 9-05 ಎಂದು ದಾಖಲಿಸಿದರೆ ಉಳಿದ ಲೆಕ್ಕ ಅದೇ ನೋಡಿಕೊಳ್ಳುತ್ತದೆ.

ಸಮಯ ಸರಿಯಾಯಿತು ಎಂದಮಾತ್ರಕ್ಕೆ ಮುಹೂರ್ತದ ನಿಮಿಷಕ್ಕೇ ಹಾರೈಕೆ ಕಳಿಸಬೇಕು ಎಂದಲ್ಲ. ಆ ನಿಮಿಷ ನೋಡುವುದಕ್ಕೆ. ಅಂತರಪಟ ಸರಿದು, ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಟ್ಟು, ಗಟ್ಟಿಮೇಳ ಎದ್ದಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ. ಫೋನಿನಲ್ಲಿ 'ಕೇಳಿಸ್ತಿದೆಯಾ, ಕೇಳಿಸ್ತಿದೆಯಾ' ಎನ್ನುವ ಅಣ್ಣನಿಗೆ ಅಲ್ಲಿ ಜಾಗವಿಲ್ಲ. ಅವನು ಟೀವಿಯ ಮುಂದೆ ಎದ್ದು ನಿಂತು ಅಕ್ಷತೆ ಹಾಕಲಿ, ಬೇಡ ಎನ್ನುವವರು ಯಾರು? ಇಲ್ಲಿಂದ ಅಕ್ಷತೆ ಕಳಿಸುವ ಹಾಗಂತೂ ಇಲ್ಲ. ಧಾನ್ಯಕ್ಕೆ ಬೀಳುವ ಒಂದು ಹುಳುವಿನ ಭಯಕ್ಕೆ ಅಮೆರಿಕದವರು ನಮ್ಮ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲೂ ಟಪಾಲಿನಲ್ಲೂ ಬಿಡುವುದಿಲ್ಲ. ಅಲ್ಲಿನ ಇಂಡಿಯನ್ ಅಂಗಡಿಯ ಸೋನಾ ಮಸೂರಿಗೇ ಅರಿಶಿನ ಹಚ್ಚಬೇಕು.

ಹಾರೈಕೆ ತಲುಪಬೇಕಾದದ್ದು ಹಿಂದಿನ ರಾತ್ರಿ. ನಾಂದಿ, ಚಪ್ಪರ, ಬಳೆ, ಮದರಂಗಿಯ ಗದ್ದಲ ಇಳಿದ ಮೇಲೆ ಮದುಮಗಳಿಗೆ ಒಂದರ್ಧ ಗಂಟೆ ಬಿಡುವು ಸಿಗುತ್ತದೆ. ಕೈಗೆ ಮದರಂಗಿ ಇರುವುದರಿಂದ ಫೋನು ಮುಟ್ಟಲು ಆಗ ಅವಳಿಗೂ ಆಗುವುದಿಲ್ಲ. ಹಾಗಾಗಿ ಕಾಗದವೇ ಮೇಲು. ಅಣ್ಣ ಬರೆದದ್ದನ್ನು ಊರಲ್ಲಿರುವ ತಮ್ಮನಿಗೆ ಎರಡು ದಿನ ಮೊದಲೇ ಕಳಿಸಬೇಕು. ಅವನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮಡಚಿ, ಲಕೋಟೆಯಲ್ಲಿಟ್ಟು ಅವಳಿಗೆ ಕೊಡಬೇಕು, ಇಲ್ಲವೇ ಪಕ್ಕದಲ್ಲಿ ಕುಳಿತು ಓದಿ ಹೇಳಬೇಕು. ಬಿಡಿಸಿ ಓದುವ ಆ ಮನುಷ್ಯನನ್ನು ಹೀಗೆ ನಾವೇ ನೇಮಿಸಿಕೊಂಡಂತಾಯಿತು.

ಇನ್ನು ಒಳಗೆ ಬರೆಯುವುದೇನು? ಅದನ್ನು ನಿರ್ಧರಿಸುವುದು ನೆಂಟಸ್ತನ. ಸೋದರತ್ತೆಯ ಮಗನೋ ಸೋದರಮಾವನ ಮಗನೋ ಬರೆದರೆ ಕೀಟಲೆಗೆ ಸಲಿಗೆಯಿದೆ. 'ನನ್ನನ್ನು ಬಿಟ್ಟು ಹೋಗುತ್ತಿದ್ದೀಯ' ಎಂದು ಅವನು ರೇಗಿಸಿದರೆ ಹಳೇ ಮೈಸೂರಿನ ಕಡೆ ಅಜ್ಜಿಯರೂ ನಕ್ಕುಬಿಡುತ್ತಾರೆ. ದೊಡ್ಡಪ್ಪನ ಮಗ ಹಾಗೆ ಬರೆಯುವಂತಿಲ್ಲ. ಅವನು ಅಣ್ಣ. ಮದುವೆಯಲ್ಲಿ ಅವನಿಗೊಂದು ಕೆಲಸವೇ ಇದೆ. ಲಾಜಾಹೋಮ ಮಾಡುವ ಮನೆಗಳಲ್ಲಿ ಮದುಮಗಳ ಬೊಗಸೆಗೆ ಅರಳು ಹಾಕುವವನು ಅಣ್ಣನೋ ತಮ್ಮನೋ. ಒಡಹುಟ್ಟಿದವರಿಲ್ಲದಿದ್ದರೆ, ಇದ್ದರೂ ಚಿಕ್ಕವರಾಗಿದ್ದರೆ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನು ಕರೆಯುತ್ತಾರೆ. ಹೋಮವಿಲ್ಲದ ಮದುವೆಗಳಲ್ಲೂ ಹತ್ತಿರದವರ ಗೈರುಹಾಜರಿ ಕಾಣದೆ ಹೋಗುವುದಿಲ್ಲ. ಕೊಡವರ ಮದುವೆಯಲ್ಲಿ ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಹಣ ಕೊಟ್ಟು ಹರಸುತ್ತಾರೆ. ಬಾರದವರು ಯಾರೆಂದು ಯಾರೂ ಹೇಳಬೇಕಾಗಿಲ್ಲ.

ವಯಸ್ಸಿನದೂ ಒಂದು ಲೆಕ್ಕವಿದೆ. ದೊಡ್ಡವನು ಹರಸಬಹುದು, 'ನೂರು ಕಾಲ ಬಾಳಿ' ಎನ್ನಬಹುದು. ಅದೇ ಅಮೆರಿಕದಲ್ಲಿರುವುದು ತಂಗಿ, ಮದುವೆಯಾಗುತ್ತಿರುವುದು ಅಕ್ಕ ಎಂದಾದರೆ ಆಶೀರ್ವಾದದ ಮಾತು ಹೊಂದುವುದಿಲ್ಲ. ಚಿಕ್ಕವರು ಹಾರೈಸಬೇಕು, ಜೊತೆಗೆ ಒಂದು ನಮಸ್ಕಾರ ಹೇಳಬೇಕು. 'ದೀರ್ಘ ಸುಮಂಗಲೀ ಭವ' ಎಂದು ಇಪ್ಪತ್ತೈದರ ಹುಡುಗ ಅಕ್ಕನಿಗೆ ಫಾರ್ವರ್ಡ್ ಮಾಡಿದ್ದನ್ನು ನೋಡಿದರೆ ನಗು ಬರುತ್ತದೆ.

ನಮ್ಮ ನ್ಯೂಜೆರ್ಸಿಯ ಅಣ್ಣ ಮೊದಲ ಸಲ ಬರೆಯಲು ಕುಳಿತಾಗ ಏನು ಬರೆಯುತ್ತಾನೆ ಎನ್ನುವುದನ್ನು ಊಹಿಸುವುದು ಕಷ್ಟವಲ್ಲ. ಮೊದಲರ್ಧ ವೀಸಾ: ಯಾಕೆ ಬರಲಾಗಲಿಲ್ಲ, ಎಷ್ಟು ಪ್ರಯತ್ನಪಟ್ಟ, ಎಷ್ಟು ಬೇಸರವಾಗಿದೆ. ಆಮೇಲೆ ದಾಂಪತ್ಯ ಎಂದರೆ ಹೊಂದಾಣಿಕೆ ಎನ್ನುವ ಉಪದೇಶ. ಅವನಿಗೆ ಮದುವೆಯಾಗಿಲ್ಲದಿದ್ದರೆ ಉಪದೇಶ ಇನ್ನೂ ಉದ್ದ. ಕೊನೆಗೆ ಕಾಲೇಜಿನಲ್ಲಿ ಅವಳ ಹಿಂದೆ ಬಿದ್ದಿದ್ದ ಯಾರನ್ನೋ ನೆನಪಿಸುವ ಒಂದು ಜೋಕು. ಮದುಮಗನ ಹೆಸರೇ ಇಲ್ಲ. ಈ ಕಾಗದವನ್ನು ಅವಳೊಬ್ಬಳೇ ಓದುವುದಿಲ್ಲ ಎನ್ನುವುದನ್ನು ಅವನು ಮರೆತಿದ್ದಾನೆ. ಅದು ಅತ್ತೆಯ ಕೈಗೆ ಹೋಗುತ್ತದೆ, ಮದುಮಗನ ಅಕ್ಕ ಇಣುಕಿ ನೋಡುತ್ತಾಳೆ, ಆಲ್ಬಮ್ಮಿನ ಜೊತೆ ಬೀರು ಸೇರುತ್ತದೆ. ಆ ಜೋಕು ಹತ್ತು ವರ್ಷವಾದ ಮೇಲೂ ಅಲ್ಲೇ ಇರುತ್ತದೆ. ಬರಲಾಗದ ಕಾರಣ ಮನೆಯವರಿಗೆಲ್ಲ ಗೊತ್ತೇ ಇದೆ, ಕಾಗದದಲ್ಲಿ ಅದಕ್ಕೆ ಒಂದು ವಾಕ್ಯ ಕೊಟ್ಟರೂ ಹೆಚ್ಚೇ. ತೀರಿಹೋದವರ ನೆನಪಿನ ಬಗ್ಗೆ ಮನೆಮನೆಗೆ ಬೇರೆ ಅಭಿಪ್ರಾಯವಿದೆ. ಅಜ್ಜಿ ಬದುಕಿದ್ದ ಕಾಲದ ಸಂಗತಿ ಹೇಳಿದರೆ ಸಂತೋಷವಾಗುತ್ತದೆ. ಅಜ್ಜಿ ಇಲ್ಲದ ದುಃಖವನ್ನು ಶುಭದಿನದ ಮುನ್ನಾದಿನ ತೋಡಿಕೊಂಡರೆ ಓದಿ ಹೇಳುವವನ ಗಂಟಲೇ ಕಟ್ಟುತ್ತದೆ.

ಅದೆಲ್ಲ ತೆಗೆದು ಮತ್ತೆ ಬರೆದರೆ ಹೀಗಿರಬಹುದು:

'ಪುಟ್ಟಿ,

ಇದು ನಿನ್ನ ಕೈ ಸೇರುವ ಹೊತ್ತಿಗೆ ನಾಂದಿ ಮುಗಿದಿರುತ್ತದೆ. ನಾಳೆ ನಿನ್ನ ಬೊಗಸೆಗೆ ಅರಳು ಹಾಕುವುದು ನನ್ನ ಕೆಲಸವಾಗಿತ್ತು. ಅದನ್ನು ತಮ್ಮನಿಗೆ ಒಪ್ಪಿಸಿದ್ದೇನೆ. ಮೂರು ಸಲ ಹಾಕಬೇಕು. ಅವನ ಅವಸರ ನಿನಗೆ ಗೊತ್ತಲ್ಲ, ಎರಡಕ್ಕೇ ಎದ್ದುಹೋಗದ ಹಾಗೆ ನೋಡಿಕೋ.

ಬೇಸಿಗೆ ರಜೆಯಲ್ಲಿ ಹಲಸಿನ ಹಪ್ಪಳಕ್ಕೆ ಕಾಗೆ ಕಾಯಲು ಅಜ್ಜಿ ನಮ್ಮಿಬ್ಬರನ್ನೂ ಅಂಗಳದಲ್ಲಿ ಕೂರಿಸುತ್ತಿದ್ದರು. ನಾನು ಕ್ರಿಕೆಟ್ಟಿಗೆ ಓಡುತ್ತಿದ್ದೆ. ನೀನೊಬ್ಬಳೇ ಕೋಲು ಹಿಡಿದು ಕೂತಿದ್ದು, ಸಂಜೆ ಅಜ್ಜಿ ಕೇಳಿದರೆ "ಅಣ್ಣನೂ ಇಲ್ಲೇ ಇದ್ದ" ಅನ್ನುತ್ತಿದ್ದೆ. ನಾಳೆಯೂ ಯಾರಾದರೂ ಕೇಳಿದರೆ ಹಾಗೇ ಹೇಳು.

ಭಾವನವರೇ, ಇವಳಿಗೆ ಬೆಳಗಿನ ಕಾಫಿ ಆಗುವ ಮುಂಚೆ ಯಾವ ಮುಖ್ಯ ವಿಷಯವನ್ನೂ ಎತ್ತಬೇಡಿ. ನಮ್ಮ ಮನೆಯಲ್ಲಿ ಎಲ್ಲರೂ ಅನುಭವಿಸಿ ಕಲಿತದ್ದು, ನಿಮಗೆ ಪುಕ್ಕಟೆಯಾಗಿ ಹೇಳುತ್ತಿದ್ದೇನೆ.

ಮುಂದಿನ ದೀಪಾವಳಿ ನಿಮ್ಮಿಬ್ಬರ ಮೊದಲ ಹಬ್ಬ. ಆಗ ನಾನು ಊರಲ್ಲಿರುತ್ತೇನೆ. ನೀರು ತುಂಬುವ ದಿನ ಹಂಡೆ ಬೆಳಗುವ ಕೆಲಸ ನನ್ನದು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಣ್ಣ'

ಓದಲು ಒಂದು ನಿಮಿಷ ಸಾಕು. ಅಣ್ಣನ ಕೆಲಸ ಯಾರಿಗೆ ಹೋಯಿತೆಂದು ಇದರಲ್ಲಿ ಹೇಳಿದೆ. ಇಬ್ಬರಿಗೇ ಗೊತ್ತಿರುವ, ಆದರೆ ಯಾರು ಓದಿದರೂ ತೊಂದರೆಯಿಲ್ಲದ ಒಂದು ಸಂಗತಿಯಿದೆ. ಮದುಮಗನನ್ನೂ ಮಾತಿಗೆಳೆದಿದೆ. ಮತ್ತೆ ಯಾವಾಗ ಸಿಗುವುದೆಂಬ ಮಾತು 'ಆದಷ್ಟು ಬೇಗ' ಎಂದು ತೇಲಿಹೋಗದೆ ಒಂದು ಹಬ್ಬಕ್ಕೆ ಅಂಟಿಕೊಂಡಿದೆ. ಹಬ್ಬದ ಹೆಸರು ಹೇಳಿದ ಮೇಲೆ ಬರಬೇಕಾಗುತ್ತದೆ, ಅದೊಂದು ಅಪಾಯ. ಖಾತ್ರಿಯಿಲ್ಲದಿದ್ದರೆ ಆ ಸಾಲು ಬಿಟ್ಟುಬಿಡುವುದು ಒಳ್ಳೆಯದು.

ವಿಡಿಯೋ ಕಳಿಸುವವರೂ ಇದ್ದಾರೆ. ಮಂಟಪದ ಎಲ್‌ಇಡಿ ಪರದೆಯ ಮೇಲೆ ಅಣ್ಣನ ಮುಖ ದೊಡ್ಡದಾಗಿ ಕಂಡರೆ ಅಜ್ಜ ಅಜ್ಜಿಯರಿಗೆ ಹಿಗ್ಗು. ಅದಕ್ಕೆ ಸರಿಯಾದ ಹೊತ್ತು ಆರತಕ್ಷತೆ, ಧಾರೆಯಲ್ಲ. ಫೋನನ್ನು ಅಡ್ಡ ಹಿಡಿದು ತೆಗೆಯಬೇಕು. ಉದ್ದುದ್ದ ತೆಗೆದದ್ದು ಪರದೆಯ ನಡುವೆ ಸಣ್ಣ ಪಟ್ಟಿಯಾಗಿ ನಿಲ್ಲುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆ ತಲುಪುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆಯನ್ನು ತಡೆದುಕೊಳ್ಳಬೇಕು. ಮದುವೆ ಯೂಟ್ಯೂಬಿನಲ್ಲಿ ನೇರಪ್ರಸಾರವಾಗುತ್ತಿದ್ದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಪ್ರಸಾರವೇ ನಿಂತುಹೋಗಬಹುದು, ಆಗ ಉಳಿದ ದೇಶಗಳಲ್ಲಿ ಕುಳಿತ ನೆಂಟರೆಲ್ಲ ಕಪ್ಪು ಪರದೆ ನೋಡಬೇಕಾಗುತ್ತದೆ. ಆರತಕ್ಷತೆಯ ಗದ್ದಲದಲ್ಲಿ ಮಾತು ಅರ್ಧ ಕೇಳುವುದಿಲ್ಲ, ಆದ್ದರಿಂದ ಹೇಳಿದ್ದನ್ನು ಕೆಳಗೆ ಕನ್ನಡದಲ್ಲಿ ಬರೆಸಿದರೆ ಉಪಯೋಗ. ಒಂದು ನಿಮಿಷಕ್ಕಿಂತ ಉದ್ದವಾದರೆ ಜನ ಊಟದ ಸಾಲಿನತ್ತ ತಿರುಗುತ್ತಾರೆ, ಅವರದೇನೂ ತಪ್ಪಿಲ್ಲ.

ಹಾರೈಕೆಯ ಹಿಂದೆಯೇ ಬರುವುದು ಮುಯ್ಯಿ. ಕರೆಯೋಲೆಯ ಕೆಳಗೆ 'ನಿಮ್ಮ ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗಿದ್ದರೂ ಹತ್ತಿರದವರ ಮಟ್ಟಿಗೆ ಅದು ಅನ್ವಯಿಸುವುದಿಲ್ಲ. ಮುಯ್ಯಿಯಲ್ಲಿ ಪುಸ್ತಕ ಬರೆಯುವವರು ಒಬ್ಬರಿರುತ್ತಾರೆ: ಹೆಸರು, ಊರು, ಮೊತ್ತ, ಕೊನೆಗೆ ಸೇರಿಸಿದ ಒಂದು ರೂಪಾಯಿ. ಮುಂದೆ ಅವರ ಮನೆಯ ಮದುವೆಗೆ ಎಷ್ಟು ಮಾಡಬೇಕೆಂದು ನೋಡುವುದು ಈ ಪುಸ್ತಕವನ್ನೇ. ಬ್ಯಾಂಕಿಗೆ ನೇರ ಹೋದ ಹಣ ಇದರಲ್ಲಿ ಸೇರುವುದಿಲ್ಲ. ನಾಲ್ಕು ವರ್ಷ ಕಳೆದು ದೊಡ್ಡಪ್ಪನ ಮನೆಯಲ್ಲಿ ಶುಭಕಾರ್ಯವಾದಾಗ ಚಿಕ್ಕಮ್ಮ ಪುಸ್ತಕ ತೆರೆದು 'ಅವನೇನೂ ಮಾಡಿರಲಿಲ್ಲವಲ್ಲ' ಎಂದರೆ ಅದಕ್ಕೆ ಸಾಕ್ಷಿಯಿಲ್ಲ. ಆದ್ದರಿಂದ ಕಳಿಸಿದ ಮೊತ್ತವನ್ನು ತಮ್ಮನ ಕೈಲಿ ಹೇಳಿ ಬರೆಸುವುದು ವಾಡಿಕೆಯ ದೃಷ್ಟಿಯಿಂದ ಸರಿ.

ಹಣವನ್ನು ಯಾರ ಖಾತೆಗೆ ಹಾಕುವುದು ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಮದುವೆಯ ಖರ್ಚು ಚಿಕ್ಕಪ್ಪನದು, ಅವರ ಖಾತೆ ಸಂಖ್ಯೆ ಗೊತ್ತಿದೆ ಎಂದು ಅಲ್ಲಿಗೇ ಹಾಕಿಬಿಡುತ್ತಾರೆ. ನಮ್ಮ ಆದಾಯ ತೆರಿಗೆ ಕಾನೂನಿನ ಪ್ರಕಾರ ಹತ್ತಿರದ ನೆಂಟರು ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ, ಆದರೆ ಆ ನೆಂಟರು ಯಾರು ಎನ್ನುವುದಕ್ಕೆ ಕಾನೂನಿಗೆ ಅದರದೇ ಪಟ್ಟಿಯಿದೆ. ಗಂಡ ಹೆಂಡತಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು, ನೇರ ವಂಶದ ಮೇಲಿನವರು ಕೆಳಗಿನವರು, ಇವರ ಸಂಗಾತಿಗಳು ಅದರಲ್ಲಿ ಬರುತ್ತಾರೆ. ದೊಡ್ಡಪ್ಪನ ಮಗ ಬರುವುದಿಲ್ಲ! ಲಾಜಾಹೋಮಕ್ಕೆ ಅಣ್ಣನಾದವನು ತೆರಿಗೆ ಇಲಾಖೆಗೆ ಹೊರಗಿನವನು. ಹೊರಗಿನವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆಗಳ ಒಟ್ಟು ಮೊತ್ತ ₹50,000 ದಾಟಿದರೆ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ.

ಇಲ್ಲಿ ಮದುವೆ ಕೈಹಿಡಿಯುತ್ತದೆ. ಮದುವೆಯ ಸಂದರ್ಭದಲ್ಲಿ ಮದುವೆಯಾಗುವವರಿಗೆ ಯಾರು ಎಷ್ಟು ಕೊಟ್ಟರೂ ಅದಕ್ಕೆ ತೆರಿಗೆಯಿಲ್ಲ. ಈ ವಿನಾಯಿತಿ ಮದುವೆಯಾಗುವವರಿಗೆ ಮಾತ್ರ, ಅವರ ತಂದೆ ತಾಯಿಗಲ್ಲ. ಚಿಕ್ಕಪ್ಪ ಅಣ್ಣನ ಮಗನಿಗೆ ಕೊಟ್ಟರೆ ಅದು ನೆಂಟರ ಉಡುಗೊರೆ, ಅಣ್ಣನ ಮಗ ಚಿಕ್ಕಪ್ಪನಿಗೆ ಕೊಟ್ಟರೆ ಅಲ್ಲ. ಪಡೆಯುವವರ ಕಡೆಯಿಂದ ನೆಂಟಸ್ತನ ಎಣಿಸುವುದರಿಂದ ಹೀಗಾಗುತ್ತದೆ. ಹಾಗಾಗಿ ನ್ಯೂಜೆರ್ಸಿಯ ಅಣ್ಣ ಎರಡು ಲಕ್ಷ ಕಳಿಸುವುದಾದರೆ ಅದು ತಂಗಿಯ ಸ್ವಂತ ಖಾತೆಗೆ, ಮದುವೆಯ ಆಸುಪಾಸಿನ ದಿನಗಳಲ್ಲಿ, ಮದುವೆಯ ಉಡುಗೊರೆ ಎಂಬ ಟಿಪ್ಪಣಿಯೊಂದಿಗೆ ಹೋಗಬೇಕು. ಅವಳು ಕರೆಯೋಲೆಯ ಒಂದು ಪ್ರತಿಯನ್ನು ಎತ್ತಿಟ್ಟುಕೊಂಡಿರಬೇಕು.

ಕಳಿಸುವಾಗ ಸಿಕ್ಕಿಕೊಳ್ಳುವುದು ಇನಿಷಿಯಲ್ಲಿನಲ್ಲಿ. ಬ್ಯಾಂಕಿನ ಪುಸ್ತಕದಲ್ಲಿ ತಂಗಿಯ ಹೆಸರಿನ ಮುಂದೆ ಎರಡಕ್ಷರವಿದ್ದು, ಅಣ್ಣ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದರೆ ಹಣ ನಡುದಾರಿಯಲ್ಲಿ ನಿಂತು ವಿವರಣೆ ಕೇಳಬಹುದು. ಮದುವೆಯ ವಾರದಲ್ಲಿ ಬ್ಯಾಂಕಿನ ಫೋನಿಗೆ ಉತ್ತರಿಸುವ ಸ್ಥಿತಿಯಲ್ಲಿ ಅವಳು ಇರುವುದಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ತರಿಸಿಕೊಂಡು, ಅಲ್ಲಿರುವ ಹಾಗೆಯೇ ಹೆಸರು ಬರೆದು, ಹತ್ತು ದಿನ ಮೊದಲೇ ಕಳಿಸಿದರೆ ರಗಳೆಯಿಲ್ಲ.

ಇಷ್ಟಾದ ಮೇಲೆ ಅಣ್ಣ ಸುಮ್ಮನಿರಬೇಕು. ಮದುವೆಯಾದ ಮೇಲೆ ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಎರಡೂ ಕಡೆಯ ನೆಂಟರ ಮನೆಯ ಔತಣ ಎಂದು ಅವಳಿಗೆ ಎರಡು ವಾರ ಪುರುಸೊತ್ತಿರುವುದಿಲ್ಲ. ಉತ್ತರ ಬರುವುದು ಅದಾದ ಮೇಲೆ, ಯಾವುದೋ ಮಾಮೂಲಿ ಮಂಗಳವಾರ. ಅದರಲ್ಲಿ ಮೊದಲ ಸಾಲು ಬಹುಶಃ ತಮ್ಮ ಅರಳನ್ನು ಎಷ್ಟು ಸಲ ಹಾಕಿದ ಎನ್ನುವುದರ ಬಗ್ಗೆಯೇ ಇರುತ್ತದೆ.